ಒಂದೋ ಏಳೋ: ಕೈಬರಹದ ಅಂಕಿ ಓದುವ ಯಂತ್ರ ಉತ್ತರಪತ್ರಿಕೆಗೆ ಬಂದ ದಾರಿ

ಕೈಬರಹದ ಅಂಕಿ ಓದುವುದನ್ನು ಯಂತ್ರ ಚೆನ್ನಾಗಿ ಕಲಿತದ್ದು ಅಂಚೆ ಲಕೋಟೆಗಳಿಂದ. 1989ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಯಾನ್ ಲೆಕುನ್ ಮತ್ತು ಸಂಗಡಿಗರು ಬಫಲೋ ನಗರದ ಅಂಚೆಯಲ್ಲಿ ಬಂದ ಲಕೋಟೆಗಳ ಜಿಪ್ ಕೋಡ್ ಅಂಕಿಗಳನ್ನು 16×16 ಚುಕ್ಕೆಗಳ ಚೌಕಕ್ಕೆ ಇಳಿಸಿ ನರಜಾಲಕ್ಕೆ ಕಲಿಸಿದರು. ನೂರಕ್ಕೆ ಸುಮಾರು ಐದು ತಪ್ಪಾಗುತ್ತಿತ್ತು. 1998ರಲ್ಲಿ ಅವರದೇ ಲೆನೆಟ್-5, ಎಂನಿಸ್ಟ್ ಎಂಬ ಬೇರೊಂದು ಸಂಗ್ರಹದ ಪರೀಕ್ಷೆಯಲ್ಲಿ, ನೂರಕ್ಕೆ ಒಂದಕ್ಕಿಂತ ಕಡಿಮೆ ತಪ್ಪು ಮಾಡಿತು.

ಆ ಎಂನಿಸ್ಟ್ ಸಂಗ್ರಹದ ಹುಟ್ಟಿನಲ್ಲೇ ನಮಗೆ ಬೇಕಾದ ಸಂಗತಿಯೊಂದಿದೆ. ಮೂಲದಲ್ಲಿ ಅಂಕಿಗಳು ಎರಡು ಕಡೆಯಿಂದ ಬಂದಿದ್ದವು: ಒಂದು ಪಾಲು ಜನಗಣತಿ ಇಲಾಖೆಯ ನೌಕರರದು, ಇನ್ನೊಂದು ಹೈಸ್ಕೂಲು ವಿದ್ಯಾರ್ಥಿಗಳದು. ನೌಕರರ ಬರಹ ಅಚ್ಚುಕಟ್ಟು, ಹುಡುಗರದು ಕಷ್ಟ. ಒಂದರ ಮೇಲೆ ಕಲಿಸಿ ಇನ್ನೊಂದರ ಮೇಲೆ ಪರೀಕ್ಷಿಸಿದರೆ ಫಲಿತಾಂಶಕ್ಕೆ ಅರ್ಥವಿರುವುದಿಲ್ಲವೆಂದು ಎರಡನ್ನೂ ಬೆರೆಸಿದರು. ಅಲ್ಲದೆ ಪ್ರತಿ ಅಂಕಿಯನ್ನೂ ಮೊದಲೇ ಬಿಡಿಸಿ, ಅಳತೆಗೆ ತಂದು, ಚೌಕದ ನಡುವೆ ಕೂರಿಸಿಟ್ಟಿದ್ದರು. ಪರೀಕ್ಷೆಯ ಕೊನೆಯ ಹತ್ತು ನಿಮಿಷದಲ್ಲಿ ಒತ್ತೊತ್ತಾಗಿ ಗೀಚಿದ ಪುಟದಲ್ಲಿ ಅಂಥ ಉಪಕಾರವನ್ನು ಯಾರೂ ಮಾಡಿರುವುದಿಲ್ಲ.

ಅಂಟಿಕೊಂಡ ಅಂಕಿಗಳನ್ನು ಬಿಡಿಸುವ ಪಾಠ ಬಂದದ್ದು ಬ್ಯಾಂಕ್ ಚೆಕ್ಕುಗಳಿಂದ. ಎಲ್ಲಿ ಕತ್ತರಿಸಬೇಕೆಂದು ಮೊದಲೇ ತೀರ್ಮಾನಿಸದೆ, ಸಾಧ್ಯವಿರುವ ಎಲ್ಲ ಕಡೆ ಕತ್ತರಿಸಿ ನೋಡಿ, ಒಟ್ಟಾರೆ ಹೆಚ್ಚು ಹೊಂದುವ ಓದನ್ನು ಆರಿಸುವುದು ಆ ವಿಧಾನ. ಅದಕ್ಕಿಂತ ದೊಡ್ಡ ಪಾಠ, ಓದಲು ನಿರಾಕರಿಸುವುದು. ಅರ್ಧದಷ್ಟು ಚೆಕ್ಕುಗಳನ್ನು ಶೇ 1ಕ್ಕಿಂತ ಕಡಿಮೆ ತಪ್ಪಿನಲ್ಲಿ ಓದಿದರೆ ಸಾಕು, ಉಳಿದ ಅರ್ಧ ಗುಮಾಸ್ತರ ಕೈಗೆ ಹೋಗಲಿ ಎಂಬುದು ಬ್ಯಾಂಕಿನವರ ಷರತ್ತಾಗಿತ್ತು. ಅಂಕ ಎಣಿಸುವವರು ಈ ಷರತ್ತನ್ನು ಮರೆತು ಪ್ರತಿ ಮನೆಗೂ ಒಂದು ಉತ್ತರ ಬೇಕೆಂದು ಹಟ ಹಿಡಿದಾಗಲೇ ಎಡವಟ್ಟು ಶುರು.

ಮೊಬೈಲ್ ಫೋಟೋ ಬಂದಮೇಲೆ ತೊಂದರೆ ಬೇರೆ ರೂಪ ತಾಳಿತು. ಬಾಲಕ್ಕೆ ಅಡ್ಡಗೆರೆ ಎಳೆಯದ ಏಳಕ್ಕೂ ಒಂದಕ್ಕೂ ಇರುವ ವ್ಯತ್ಯಾಸವೆಲ್ಲ ತಲೆಯ ಮೇಲಿನ ಒಂದು ಪುಟ್ಟ ಗೀಟು. ಎ4 ಹಾಳೆಯ ಉದ್ದ 297 ಮಿ.ಮೀ. ಅದು ಫೋಟೋದಲ್ಲಿ 4000 ಚುಕ್ಕೆಗಳಷ್ಟಿದ್ದರೆ, 4 ಮಿ.ಮೀ. ಎತ್ತರದ ಅಂಕಿಗೆ ಐವತ್ತಕ್ಕೂ ಹೆಚ್ಚು ಚುಕ್ಕೆ ಸಿಗುತ್ತದೆ. ಕಳಿಸುವಾಗ ಚಿತ್ರ ಕುಗ್ಗಿ 1600ಕ್ಕೆ ಇಳಿದರೆ ಇಪ್ಪತ್ತೆರಡೇ ಉಳಿಯುತ್ತದೆ; ಅರ್ಧ ಮಿ.ಮೀ. ದಪ್ಪದ ಪೆನ್ನಿನ ಗೀಟು ಮೂರು ಚುಕ್ಕೆಗೂ ಕಡಿಮೆ. ಪುಟದ ಮೇಲೆ ಕೈ ನೆರಳು ಬಿದ್ದಿದ್ದರೆ, ಇಡೀ ಹಾಳೆಗೆ ಒಂದೇ ಮಿತಿ ಹಾಕಿ ಕಪ್ಪು-ಬಿಳುಪು ಮಾಡುವ 1979ರ ಓಟ್ಸು ವಿಧಾನ ನೆರಳಿನ ಭಾಗವನ್ನೆಲ್ಲ ಕಪ್ಪಾಗಿಸುತ್ತದೆ, ಇಲ್ಲವೇ ಬೆಳಕಿನ ಭಾಗದ ತೆಳು ಗೀಟನ್ನು ಅಳಿಸುತ್ತದೆ. ಪ್ರತಿ ಚುಕ್ಕೆಯ ಸುತ್ತಮುತ್ತ ನೋಡಿ ಮಿತಿ ಬದಲಿಸುವ ಸವೊಲ ವಿಧಾನ ಇಲ್ಲಿ ವಾಸಿ.

ಹಾಳೆಯ ರೂಲಿನ ಗೆರೆ ಇನ್ನೂ ಕಿಲಾಡಿ. ಇಕ್ಕಟ್ಟಾಗಿ ಬರೆಯುವವರ ಏಳಿನ ತಲೆ ಬಹಳ ಸಲ ಗೆರೆಯ ಮೇಲೇ ಕೂತಿರುತ್ತದೆ. ಗೆರೆ ಅಳಿಸಿದರೆ ತಲೆಯೂ ಹೋಗಿ ಏಳು ಒಂದಾಗುತ್ತದೆ; ಉಳಿಸಿದರೆ ಗೆರೆಗೆ ತಾಗಿದ ಒಂದು ಏಳಾಗುತ್ತದೆ. ಗೆರೆಯ ದಪ್ಪ ಎಲ್ಲಿ ಹೆಚ್ಚಿದೆಯೋ ಅಲ್ಲಿ ಶಾಯಿ ಇದೆಯೆಂದು ಆ ತುಂಡನ್ನು ಉಳಿಸಿಕೊಳ್ಳುವುದು ರೂಢಿಯ ಪರಿಹಾರ. ಪುಟದ ಒಂದು ಮೂಲೆಯಲ್ಲಿ ಮಾತ್ರ ಒಂದುಗಳು ಅತಿಯಾಗಿ ಬರುತ್ತಿದ್ದರೆ ದೋಷ ಬರೆದವರದಲ್ಲ, ಚಿತ್ರದ್ದು ಎಂದು ಅನುಮಾನಿಸಬೇಕು.

ಇಷ್ಟಾದರೂ ಕೆಲವು ಅಂಕಿಗಳು ಆಕಾರದಿಂದ ತೀರ್ಮಾನವಾಗುವುದಿಲ್ಲ. ಆಗ ಸುತ್ತಲಿನ ಸಾಕ್ಷಿ ಬೇಕು. ಮುಖಪುಟದ ಅಂಕಪಟ್ಟಿಯಲ್ಲಿ ಮೌಲ್ಯಮಾಪಕರು 8, 4, ಅನುಮಾನದ ಒಂದು ಅಂಕಿ, 6, ಮತ್ತೊಂದು ಅನುಮಾನದ ಅಂಕಿ ಬರೆದು, ಒಟ್ಟು 26 ಎಂದು ಅಕ್ಷರದಲ್ಲೂ ನಮೂದಿಸಿದ್ದಾರೆ ಎನ್ನಿ. ಖಚಿತವಾದವು ಸೇರಿ 18. ಎರಡೂ ಒಂದಾದರೆ 20, ಎರಡೂ ಏಳಾದರೆ 32. ಒಟ್ಟು 26 ಆಗಿರುವುದರಿಂದ ಒಂದು 1, ಇನ್ನೊಂದು 7. ಯಾವುದು ಯಾವುದೆಂದು ಮೊತ್ತ ಹೇಳುವುದಿಲ್ಲ. ಕೊನೆಯ ಪ್ರಶ್ನೆಗೆ ಗರಿಷ್ಠ ಅಂಕ 5 ಆಗಿದ್ದರೆ ಅಲ್ಲಿ ಏಳು ಇರಲಾರದು, ಪಟ್ಟಿ ಬಗೆಹರಿಯಿತು. ಒಂದಕ್ಕೂ ಏಳಕ್ಕೂ ಅಂತರ ಆರು. ಹಾಗಾಗಿ ಓದಿದ ಮೊತ್ತ ಬರೆದ ಮೊತ್ತಕ್ಕಿಂತ ಸರಿಯಾಗಿ ಆರು ಹೆಚ್ಚುಕಡಿಮೆ ಬಂದರೆ ಮೊದಲು ಹುಡುಕಬೇಕಾದದ್ದು ಈ ಜೋಡಿಯನ್ನೇ.

ಇದೇ ಚಾತುರ್ಯವನ್ನು ವಿದ್ಯಾರ್ಥಿಯ ಉತ್ತರಕ್ಕೆ ಹೂಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. 17×3ರ ಮುಂದೆ ಐದು ಸ್ಪಷ್ಟವಾಗಿದ್ದು ಮುಂದಿನ ಅಂಕಿ ಅನುಮಾನದ್ದಾದರೆ, ಸರಿಯುತ್ತರ 51 ಎಂಬ ಕಾರಣಕ್ಕೆ ಅದನ್ನು ಒಂದೆಂದು ಓದುವುದು ಓದುವಿಕೆಯಲ್ಲ, ಮೌಲ್ಯಮಾಪನ. ಉತ್ತರ ಬರೆದ ಹುಡುಗಿ ಅದೇ ಪುಟದಲ್ಲಿ ಬರೆದ ಬೇರೆ ಒಂದು-ಏಳುಗಳು ಸಾಕ್ಷಿಯಾಗಬಹುದು: 17ರಲ್ಲಿ ಎರಡೂ ಅಕ್ಕಪಕ್ಕವೇ ಇವೆ, ತಲೆಯ ಗೀಟಿನ ಉದ್ದವನ್ನು ಕಾಂಡದ ಎತ್ತರದೊಂದಿಗೆ ಹೋಲಿಸಿದರೆ ಅವಳ ಅಳತೆ ಸಿಗುತ್ತದೆ. ಅಷ್ಟರಿಂದಲೂ ಬಗೆಹರಿಯದಿದ್ದರೆ ಆ ಮನೆಯನ್ನು ಅವಳ ಇತರ ಒಂದು-ಏಳುಗಳ ಜೊತೆಗಿಟ್ಟು ಮೌಲ್ಯಮಾಪಕರಿಗೆ ತೋರಿಸಬೇಕು. ಅವರು ಓದಿ ಮುಗಿಸುವತನಕ ಮಾದರಿ ಉತ್ತರ ಪಕ್ಕದಲ್ಲಿರಬಾರದು.