ಬಳಸುದಾರಿ ಯಾವ ಕಾಲಂಗೆ ಸೇರಬೇಕು? ಬಗ್ ವರ್ಗೀಕರಣದ ಚರಿತ್ರೆಯಲ್ಲಿ ಒಂದು ತಪ್ಪು ಓದು

ಸಾಫ್ಟ್‌ವೇರ್ ಪರೀಕ್ಷೆಯ ಪಠ್ಯಗಳಲ್ಲಿ ಒಂದು ಸೂತ್ರ ಚರ್ಚೆಯಿಲ್ಲದೆ ದಾಟಿ ಬರುತ್ತಿದೆ. ತೀವ್ರತೆ ಬಗ್‌ನ ಗುಣ, ಅದನ್ನು ಟೆಸ್ಟರ್ ಹೇಳುತ್ತಾನೆ. ಆದ್ಯತೆ ಸಂಸ್ಥೆಯ ನಿರ್ಧಾರ, ಅದನ್ನು ಮ್ಯಾನೇಜರ್ ಹೇಳುತ್ತಾನೆ. ಈ ಸೂತ್ರಕ್ಕೆ ಪೂರ್ವಚರಿತ್ರೆ ಹುಡುಕುವವರು ಅಮೆರಿಕದ ರಕ್ಷಣಾ ಇಲಾಖೆಯ 1988ರ ಮಾನಕ ಡಿಒಡಿ-ಎಸ್‌ಟಿಡಿ-2167ಎ ಅನುಬಂಧದಲ್ಲಿರುವ ಐದು ಮೆಟ್ಟಿಲಿನ ಪಟ್ಟಿಯ ಮುಂದೆ ಎಡವುತ್ತಾರೆ. ಪಟ್ಟಿಯ ತಲೆಬರಹ ಆದ್ಯತೆ ಎನ್ನುತ್ತದೆ, ಮೆಟ್ಟಿಲುಗಳ ವಿವರಣೆ ಪರಿಣಾಮದ ಮಾತಾಡುತ್ತದೆ. ಆಗ ಅವರು ಸುಲಭದ ತೀರ್ಪು ಕೊಡುತ್ತಾರೆ: ಇದು ತೀವ್ರತೆಯ ಪಟ್ಟಿಯೇ, ಹೆಸರು ಮಾತ್ರ ತಪ್ಪಾಗಿ ಬಿದ್ದಿದೆ. ತಲೆಬರಹ ನೋಡಿ ಪಟ್ಟಿಯನ್ನು ಪೂರ್ತಿ ಓದದೆ ಬಿಟ್ಟವರ ತೀರ್ಪು ಇದು. ಇದರಿಂದ ಇಂದಿಗೂ ಟ್ರಯಾಜ್ ಕೆಡುತ್ತಿದೆ ಎಂಬುದು ನನ್ನ ವಾದ.

ಪಟ್ಟಿಯನ್ನೇ ನೋಡೋಣ. ಮುಖ್ಯ ಕಾರ್ಯವನ್ನೇ ತಡೆಯುವ ಅಥವಾ ಜನರ ಸುರಕ್ಷತೆಗೆ ಅಪಾಯ ತರುವ ದೋಷ ಒಂದನೆಯದು. ನಾಲ್ಕನೆಯದು ಬಳಸುವವನಿಗೆ ಕಿರಿಕಿರಿ ಮಾತ್ರ, ಐದನೆಯದು ಉಳಿದದ್ದೆಲ್ಲ. ಈ ಮೂರರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಎರಡು ಮತ್ತು ಮೂರರ ನಡುವೆ. ಎರಡೂ ಕಡೆ ಹಾನಿಯ ವಿವರಣೆ ಒಂದೇ: ಮುಖ್ಯ ಕಾರ್ಯಕ್ಕೆ ಧಕ್ಕೆಯಾಗುತ್ತದೆ. ವ್ಯತ್ಯಾಸ ಒಂದೇ ಒಂದು. ಬಳಸುದಾರಿ ಗೊತ್ತಿಲ್ಲದಿದ್ದರೆ ಎರಡು, ಗೊತ್ತಿದ್ದರೆ ಮೂರು.

ಇಲ್ಲಿ ಕೇಳುತ್ತಿರುವುದು ಬಳಸುದಾರಿ ಇದೆಯೇ ಎಂದಲ್ಲ, ಗೊತ್ತಿದೆಯೇ ಎಂದು. ಸೋಮವಾರ ಎರಡನೆಯ ಮೆಟ್ಟಿಲಲ್ಲಿದ್ದ ದೋಷ, ಬುಧವಾರ ಯಾರೋ ಒಬ್ಬ ಎಂಜಿನಿಯರ್ ಉಪಾಯ ಕಂಡುಕೊಂಡರೆ ಮೂರಕ್ಕೆ ಇಳಿಯುತ್ತದೆ. ಈ ನಡುವೆ ಕೋಡಿನ ಒಂದು ಸಾಲೂ ಬದಲಾಗಿಲ್ಲ; ದೋಷವೂ ಅದೇ, ಅದು ಎರಗಿದಾಗ ಆಗುವ ನಷ್ಟವೂ ಅದೇ. ಬದಲಾದದ್ದು ನಮ್ಮ ತಿಳಿವಳಿಕೆ, ಅದರಿಂದಾಗಿ ನಾವು ಎಷ್ಟು ಹೊತ್ತು ಕಾಯಬಹುದು ಎಂಬ ಲೆಕ್ಕ. ಕಾಯುವ ಲೆಕ್ಕವೇ ಆದ್ಯತೆ. ಹಾಗಾಗಿ ಈ ಪಟ್ಟಿಯಲ್ಲಿ ತೀವ್ರತೆ ಮತ್ತು ಆದ್ಯತೆ ಒಂದೇ ಏಣಿಯ ಮೇಲೆ ಹೆಣೆದುಕೊಂಡಿವೆ.

ಈ ಓದನ್ನು ಒಪ್ಪದವರು 1994ರ ಉತ್ತರಾಧಿಕಾರಿ ಮಾನಕ ಮಿಲ್-ಎಸ್‌ಟಿಡಿ-498 ತೆರೆದು ನೋಡಬೇಕು. (ಅದನ್ನು ಉಲ್ಲೇಖಿಸುವವರೆಲ್ಲ ಅನುಬಂಧದವರೆಗೆ ಹೋಗಿದ್ದಾರೆಂದು ನನಗೆ ಅನಿಸುವುದಿಲ್ಲ.) ಅಲ್ಲಿ ಎರಡನೆಯ ಮತ್ತು ಮೂರನೆಯ ಮೆಟ್ಟಿಲಿಗೆ ಹೊಸ ಕಲಮು ಸೇರಿದೆ: ಯೋಜನೆಯ ತಾಂತ್ರಿಕ ಅಪಾಯ, ವೆಚ್ಚ, ವೇಳಾಪಟ್ಟಿ. ಅದು ಬರಿಯ ತೀವ್ರತೆಯ ಪಟ್ಟಿಯಾಗಿದ್ದರೆ ವೇಳಾಪಟ್ಟಿಗೆ ಅಲ್ಲಿ ಏನು ಕೆಲಸ? ಪಟ್ಟಿ ಬರೆದವರು ಹೆಸರಿನಲ್ಲಿ ಎಡವಿರಲಿಲ್ಲ. ಅವರಿಗೆ ಬೇಕಿದ್ದದ್ದು ದುರಸ್ತಿಯ ಸರದಿ, ಅದಕ್ಕೆ ಬೇಕಾದ ಪ್ರಶ್ನೆಗಳನ್ನೆಲ್ಲ ಒಂದೇ ಅಂಕೆಗೆ ಇಳಿಸಿದರು.

ಇನ್ನು 1998ರಲ್ಲಿ ಮೊಜಿಲ್ಲಾದ ಬಗ್‌ಜಿಲ್ಲಾ ಹೊರಬಂದ ಮೇಲೆ ಎರಡು ಬೇರೆ ಕಾಲಂಗಳು ರೂಢಿಯಾದವು, ಗೊಂದಲ ಮುಗಿಯಿತು ಎಂಬ ಮಾತಿದೆ. ಕಾಲಂ ಎರಡಾದದ್ದು ನಿಜ, ಗೊಂದಲ ಮುಗಿದದ್ದು ಸುಳ್ಳು. ಅದರ ಹಳೆಯ ತೀವ್ರತೆಯ ಪಟ್ಟಿಯಲ್ಲಿ `minor` ಎಂಬುದಕ್ಕೆ ಕೊಟ್ಟ ವಿವರಣೆಯಲ್ಲಿ, ಸುಲಭದ ಬಳಸುದಾರಿಯಿರುವ ಬೇರೆ ತೊಂದರೆಗಳೂ ಸೇರಿವೆ. ತುದಿಯ `blocker` ಅಭಿವೃದ್ಧಿ ಮತ್ತು ಪರೀಕ್ಷೆಯ ಕೆಲಸವನ್ನು ತಡೆಯುವ ದೋಷ. ಅಂದರೆ ಅಳತೆ ಬಳಕೆದಾರನ ನಷ್ಟದ್ದಲ್ಲ, ತಂಡದ ತುರ್ತಿನದ್ದು. ನಂತರ ಬಂದ `S1`ರಿಂದ `S4`ರ ಕ್ರಮದಲ್ಲೂ `S2` ಮತ್ತು `S3`ರ ಗಡಿಯ ಬಳಿ ಬಳಸುದಾರಿ ನಿಂತೇ ಇದೆ. 1988ರ ಪಟ್ಟಿಯಿಂದಲೇ ಇದು ಇಳಿದು ಬಂತೆಂದು ನಾನು ಹೇಳುತ್ತಿಲ್ಲ. ಒಂದೇ ತೊಡಕು ಎರಡು ಬೇರೆ ಲೋಕಗಳಲ್ಲಿ ಒಂದೇ ಜಾಗದಲ್ಲಿ ಕಾಣಿಸಿಕೊಂಡಿದೆ ಎನ್ನುತ್ತಿದ್ದೇನೆ.

ಇದರಿಂದ ಆಗುವ ಕೇಡು ಏನೆಂಬುದನ್ನು 2019ರ ಮೇ 4ರ ಘಟನೆ ತೋರಿಸುತ್ತದೆ. ಫೈರ್‌ಫಾಕ್ಸ್ ಆ್ಯಡ್-ಆನ್‌ಗಳ ಸಹಿಗೆ ಆಧಾರವಾಗಿದ್ದ ಮಧ್ಯಂತರ ಪ್ರಮಾಣಪತ್ರದ ಅವಧಿ ಅಂದು ಮುಗಿಯಿತು. ಬ್ರೌಸರ್ ಸಹಿ ಪರಿಶೀಲಿಸಿದ ಕೂಡಲೇ ಆ್ಯಡ್-ಆನ್‌ಗಳು ಸ್ಥಗಿತವಾದವು. ಬಗ್‌ನ ಸಂಖ್ಯೆ 1548973. `xpinstall.signatures.required` ಎಂಬ ಆಯ್ಕೆಯನ್ನು `false` ಮಾಡಿದರೆ ಪರಿಶೀಲನೆ ತಪ್ಪುತ್ತದೆ. ಆದರೆ ವಿಂಡೋಸ್ ಮತ್ತು ಮ್ಯಾಕ್‌ಗಳ ಸಾಮಾನ್ಯ ಬಿಡುಗಡೆಯಲ್ಲಿ ಈ ಆಯ್ಕೆಗೆ ಬೆಲೆಯಿಲ್ಲ. ಡೆವಲಪರ್ ಆವೃತ್ತಿಯಲ್ಲಿ ಇದೆ. ಫೈರ್‌ಫಾಕ್ಸ್ ಆಧಾರದ ಟಾರ್ ಬ್ರೌಸರ್‌ನಲ್ಲೂ ಇದೆ.

ಈಗ ಹಳೆಯ ಏಣಿಯನ್ನು ಹಿಡಿದು ನೋಡಿ. ಸಾಮಾನ್ಯ ಬಳಕೆದಾರನಿಗೆ ಬಳಸುದಾರಿ ಇಲ್ಲ, ಆದ್ದರಿಂದ ಎರಡು. ಟಾರ್ ಬಳಕೆದಾರನಿಗೆ ಬಳಸುದಾರಿ ಇದೆ, ಆದ್ದರಿಂದ ಮೂರು. ಆದರೆ ಟಾರ್‌ನಲ್ಲಿ ಸ್ಥಗಿತವಾದದ್ದು ನೋಸ್ಕ್ರಿಪ್ಟ್. ಗುರುತು ಮರೆಸಿಕೊಳ್ಳಲೇಬೇಕಾದವರಿಗೆ ಅದೇ ರಕ್ಷಣೆಯ ಒಂದು ಪದರ. ಹೆಚ್ಚು ನಷ್ಟವಾಗಬಹುದಾದವನಿಗೆ ಕೆಳಗಿನ ಮೆಟ್ಟಿಲು ಸಿಕ್ಕಿತು! ಮೇಲಾಗಿ ಬಳಸುದಾರಿಯೆಂದರೆ ಸಹಿ ಪರಿಶೀಲನೆಯನ್ನೇ ಆರಿಸುವುದು. ಹಾಗೆ ಮಾಡಿದವನು ದುರಸ್ತಿಯ ನಂತರ ಅದನ್ನು ಮತ್ತೆ ಹೊತ್ತಿಸಬೇಕು. ಬಳಸುದಾರಿಗೂ ಬೆಲೆ ಇರುತ್ತದೆ. ಅದನ್ನು ತೀವ್ರತೆಯಿಂದ ಕಳೆದರೆ ಆ ಬೆಲೆ ಯಾವ ಕಾಲಂನಲ್ಲೂ ಕಾಣುವುದಿಲ್ಲ.

ಮೊಜಿಲ್ಲಾ ತಂಡ ಅಂದು ಮಾಡಿದ್ದು ಇದಕ್ಕಿಂತ ಜಾಣತನದ್ದು. ಫೈರ್‌ಫಾಕ್ಸ್ ಸಹಿಗಳನ್ನು ಸುಮಾರು 24 ಗಂಟೆಗೊಮ್ಮೆ, ಒಬ್ಬೊಬ್ಬರಲ್ಲಿ ಒಂದೊಂದು ಹೊತ್ತಿಗೆ ಪರಿಶೀಲಿಸುತ್ತದೆ. ಹಾಗಾಗಿ ಒಬ್ಬನಿಗಾಗುವ ನಷ್ಟ ಅಷ್ಟೇ ಇದ್ದರೂ ಬಾಧಿತರು ಗಂಟೆಗಂಟೆಗೂ ಹೆಚ್ಚುತ್ತಿದ್ದರು. ತಂಡ ಮೊದಲು ಕಳಿಸಿದ್ದು ದುರಸ್ತಿಯನ್ನಲ್ಲ, ಒಂದು ಸಮಯದ ಗುರುತನ್ನು:

```
app.update.lastUpdateTime.xpi-signature-verification = 1556945257
```

ಈ ಅಂಕೆ ಅಂದಿನ ಭಾರತೀಯ ಕಾಲಮಾನ ಬೆಳಿಗ್ಗೆ 10 ಗಂಟೆ 17 ನಿಮಿಷಕ್ಕೆ ಸಮ. ಇದನ್ನು ಪಡೆದ ಬ್ರೌಸರ್ ಪರಿಶೀಲನೆ ಈಗಷ್ಟೇ ಮುಗಿಯಿತೆಂದು ತಿಳಿದು ಸುಮಾರು ಒಂದು ದಿನ ಸುಮ್ಮನಿರುತ್ತದೆ. ಆಗಲೇ ಆ್ಯಡ್-ಆನ್ ಕಳೆದುಕೊಂಡವರಿಗೆ ಇದರಿಂದ ಏನೂ ಸಿಗಲಿಲ್ಲ; ಅವರಿಗೆ ಹೊಸ ಪ್ರಮಾಣಪತ್ರ ಆಮೇಲೆ ಬಂತು. ಎರಡೂ ತುರ್ತು ಪರಿಹಾರಗಳು ಹೋದದ್ದು ‘ಸ್ಟಡೀಸ್’ ಎಂಬ ವ್ಯವಸ್ಥೆಯ ಮೂಲಕ. ಅದನ್ನು ಮುಚ್ಚಿಟ್ಟಿದ್ದವರು ಮರುದಿನ ಬಂದ 66.0.4 ಬಿಡುಗಡೆಗೆ ಕಾಯಬೇಕಾಯಿತು. ಬಾಧಿತನಿಗೂ ಇನ್ನೂ ಬಾಧೆ ತಟ್ಟದವನಿಗೂ ತೀವ್ರತೆ ಒಂದೇ ಇದ್ದು, ಸರದಿ ಮಾತ್ರ ಬೇರೆಯಾದದ್ದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕಿಲ್ಲ.

ಹೊಸ ಕ್ಯೂ ಕೈಗೆ ಬಂದಾಗಿನ ಕ್ರಮ ಇದರಿಂದಲೇ ಹೊರಡುತ್ತದೆ. ದೋಷವನ್ನು ಮರುಕಳಿಸಿ ನೋಡಿ, ನಕಲು ವರದಿಗಳನ್ನು ಮೂಲಕ್ಕೆ ಜೋಡಿಸಿದ ಮೇಲೆ, ತೀವ್ರತೆಯನ್ನು ಬಳಸುದಾರಿಯೇ ಇಲ್ಲವೆಂದು ಭಾವಿಸಿ ಬರೆಯಬೇಕು: ದೋಷ ಎರಗಿದವನಿಗೆ ಏನು ನಷ್ಟ? ನಷ್ಟದ ಬಗ್ಗೆ ಹೊಸ ಸಂಗತಿ ತಿಳಿದರೆ ಮಾತ್ರ ಅದನ್ನು ತಿದ್ದಬೇಕು. ಆಮೇಲೆ ಆದ್ಯತೆ. ಬಳಸುದಾರಿ ಬಾಧಿತನಿಗೆ ಗೊತ್ತೇ, ಅವನ ಆವೃತ್ತಿಯಲ್ಲಿ ನಡೆಯುತ್ತದೆಯೇ, ಅದರ ಬೆಲೆ ಏನು, ಬಾಧಿತರು ಹೆಚ್ಚುತ್ತಿದ್ದಾರೆಯೇ? ಈ ಉತ್ತರಗಳು ದಿನದಿನಕ್ಕೂ ಬದಲಾಗುತ್ತವೆ, ಆದ್ದರಿಂದ ಆದ್ಯತೆಯೂ ಬದಲಾಗಬೇಕು. ಕ್ಯೂ ಹಳಿ ತಪ್ಪಿರುವುದನ್ನು ಟಿಕೆಟ್‌ನ ಬದಲಾವಣೆಯ ದಾಖಲೆಯಲ್ಲೇ ಕಾಣಬಹುದು. ಬಿಡುಗಡೆಯ ಹಿಂದಿನ ವಾರ ತೀವ್ರತೆಗಳು ಒಂದೊಂದಾಗಿ ಇಳಿದು, ಪಕ್ಕದಲ್ಲಿ ‘ಬಳಸುದಾರಿ ಇದೆ’ ಎಂಬ ಷರಾ ಮಾತ್ರ ಕಂಡರೆ, ಅಲ್ಲಿ ನಡೆದಿರುವುದು ಆದ್ಯತೆಯ ತೀರ್ಮಾನ; ತೀರ್ಮಾನಿಸಿದವರು ತಮ್ಮ ಹೆಸರನ್ನು ಆದ್ಯತೆಯ ಕಾಲಂನಲ್ಲಿ ಹಾಕಿಲ್ಲ, ಅಷ್ಟೇ.

ಐದು ಮೆಟ್ಟಿಲಿನ ಪಟ್ಟಿಯ ಹೆಸರು ತಿದ್ದಲು ಹೊರಟವರಿಗೆ ನನ್ನ ಉತ್ತರವೂ ಇಷ್ಟೇ. ಹೆಸರು ಬದಲಿಸಿದರೆ ಬಳಸುದಾರಿ ತೀವ್ರತೆಯೊಳಗೇ ಉಳಿಯುತ್ತದೆ, ತಪ್ಪು ಇನ್ನಷ್ಟು ಭದ್ರವಾಗುತ್ತದೆ. ತಿದ್ದಬೇಕಾದದ್ದು ಎರಡು ಮತ್ತು ಮೂರನೆಯ ಮೆಟ್ಟಿಲಿನ ನಡುವಿನ ಗೆರೆ: ಅದನ್ನು ಅಳಿಸಿ ಎರಡನ್ನೂ ಒಂದು ಮಾಡಬೇಕು, ಬಳಸುದಾರಿಯ ಪ್ರಶ್ನೆಯನ್ನು ಆದ್ಯತೆಯ ಕಾಲಂಗೆ ಒಯ್ಯಬೇಕು.