ಕಂಪನಿ ಮಾಲೀಕತ್ವದ ಸ್ವರೂಪ

ಕಂಪನಿಯೊಂದು ಕುಟುಂಬದ್ದೇ, ನೌಕರರದ್ದೇ, ಸಾಹಸ ಬಂಡವಾಳಗಾರರದ್ದೇ ಅಥವಾ ಚದುರಿದ ಷೇರುದಾರರದ್ದೇ ಎಂಬ ಪ್ರಶ್ನೆಗೆ ಉತ್ತರ ಅದರ ಷೇರು ಹಿಡುವಳಿಯಲ್ಲಿದೆ. ಭಾರತದಲ್ಲಿ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿ ಪ್ರತಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಈ ವಿವರವನ್ನು ಷೇರು ವಿನಿಮಯ ಕೇಂದ್ರಕ್ಕೆ ಸಲ್ಲಿಸಬೇಕು. ಅದರಲ್ಲಿ ಮೊದಲು ನೋಡಬೇಕಾದದ್ದು ಪ್ರವರ್ತಕರ ಪಾಲು.

ಬೆಂಗಳೂರಿನ ಎರಡು ಸಾಫ್ಟ್‌ವೇರ್ ಕಂಪನಿಗಳನ್ನು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಇನ್ಫೋಸಿಸ್‌ನಲ್ಲಿ ಸ್ಥಾಪಕರು ಮತ್ತು ಅವರ ಕುಟುಂಬಗಳ ಒಟ್ಟು ಪಾಲು ಸುಮಾರು ಏಳನೆಯ ಒಂದು ಭಾಗ ಮಾತ್ರ. ಉಳಿದದ್ದು ಮ್ಯೂಚುವಲ್ ಫಂಡ್‌ಗಳು, ವಿದೇಶಿ ಹೂಡಿಕೆದಾರರು, ವಿಮಾ ಸಂಸ್ಥೆಗಳು ಮತ್ತು ಸಾಮಾನ್ಯ ಜನರಲ್ಲಿ ಹಂಚಿಹೋಗಿದೆ. ವಿಪ್ರೋದಲ್ಲಿ ಪ್ರವರ್ತಕರ ಬಳಗದ್ದು ಸುಮಾರು 73%. ಕನಿಷ್ಠ 25% ಸಾರ್ವಜನಿಕರಲ್ಲಿರಬೇಕೆಂಬ ನಿಯಮವಿರುವುದರಿಂದ ಇದು ಬಹುತೇಕ ಮೇಲ್ಮಿತಿಯೇ.

ಹಾಗಾದರೆ ವಿಪ್ರೋ ಕುಟುಂಬದ ಕಂಪನಿಯೇ? ಹಿಡಿತದ ದೃಷ್ಟಿಯಿಂದ ಹೌದು. 2019ರಿಂದ ಪ್ರವರ್ತಕ ಅಜೀಂ ಪ್ರೇಮ್‌ಜಿಯವರ ಮಗ ರಿಷದ್ ಅಧ್ಯಕ್ಷರು. ಆದರೆ ಅದೇ ವರ್ಷದ ಘೋಷಣೆಯಂತೆ ಸುಮಾರು 67% ಷೇರುಗಳ ಆರ್ಥಿಕ ಲಾಭ ಪ್ರೇಮ್‌ಜಿಯವರ ಸೇವಾ ಸಂಸ್ಥೆಗಳಿಗೆ ಮೀಸಲು. ಮತಾಧಿಕಾರ ಒಂದು ಕಡೆ, ಲಾಭ ಇನ್ನೊಂದು ಕಡೆ ಇರುವುದನ್ನು ಶೇಕಡಾವಾರು ಪಟ್ಟಿಯೊಂದೇ ತಿಳಿಸಲಾರದು. ಹೊರಗಿನ ವೃತ್ತಿಪರರು ಸಿಇಒ ಆಗಿದ್ದಾರೆಂಬುದೂ ಮಾಲೀಕತ್ವಕ್ಕೆ ಸಾಕ್ಷಿಯಲ್ಲ.

ಸಾಹಸ ಬಂಡವಾಳ ಪಡೆದ ಕಂಪನಿಗಳು ಸಾಮಾನ್ಯವಾಗಿ ಖಾಸಗಿಯಾಗಿರುವುದರಿಂದ ಅವುಗಳ ಷೇರುದಾರರ ಪಟ್ಟಿಯನ್ನು ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸುವ ವಾರ್ಷಿಕ ವಿವರಪತ್ರದಲ್ಲಿ ಹುಡುಕಬೇಕು. ಅಲ್ಲಿ ಮುಂದೆ ಈಕ್ವಿಟಿಯಾಗಿ ಪರಿವರ್ತನೆಯಾಗುವ ಆದ್ಯತಾ ಷೇರುಗಳನ್ನೂ ಸೇರಿಸಿ ಎಣಿಸದಿದ್ದರೆ ಸ್ಥಾಪಕರ ಪಾಲು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನೌಕರರಿಗೆ ಷೇರು ಆಯ್ಕೆ ಕೊಟ್ಟ ಮಾತ್ರಕ್ಕೆ ಕಂಪನಿ ನೌಕರರದ್ದಾಗುವುದಿಲ್ಲ. ಬಹುಪಾಲು ಮತ ಅವರದ್ದಾಗಿರಬೇಕು.