ಖಾಲಿ ಬಿಟ್ಟ ಅಂಕಣ: 1977ರ ಒಂದು ಅಂಕಿಯ ತಪ್ಪೋದು

ರಕ್ತದ ಬೇಡಿಕೆ ನಮೂನೆಯ ಚರಿತ್ರೆ ಬರೆದ ಹಿರಿಯರೊಬ್ಬರು ‘ಹಿಂದಿನ ಗರ್ಭಧಾರಣೆ, ಹಿಂದೆ ರಕ್ತ ಪಡೆದದ್ದು’ ಎಂಬ ಅಂಕಣವನ್ನು ಹಳೆಯ ಕಾಲದ ಉಳಿಕೆ ಎಂದು ತಳ್ಳಿಹಾಕಿದ್ದಾರೆ. ಅವರ ಆಧಾರ ಒಂದೇ: ಬೋರಲ್ ಮತ್ತು ಹೆನ್ರಿ 1977ರಲ್ಲಿ ಪ್ರಕಟಿಸಿದ ಪ್ರಬಂಧದ ಶೇ. 99.99 ಎಂಬ ಅಂಕಿ. ಗುಂಪು ನೋಡಿ, ಪ್ರತಿಕಾಯ ಶೋಧನೆ ಮಾಡಿದರೆ ಇಷ್ಟು ಸುರಕ್ಷತೆ ಸಿಗುವಾಗ ರೋಗಿಯ ಪೂರ್ವವೃತ್ತಾಂತ ಕೇಳುವುದೇಕೆ ಎಂಬುದು ಅವರ ವಾದ.

ಅದೇ ಪ್ರಬಂಧದಲ್ಲಿ ಇನ್ನೊಂದು ಅಂಕಿಯಿದೆ. ಪ್ರತಿಕಾಯಗಳನ್ನು ಹಿಡಿಯುವಲ್ಲಿ ಶೋಧನೆಯ ಸಾಮರ್ಥ್ಯ ಶೇ. 96ರ ಆಸುಪಾಸು. ಅದು 99.99 ಆದದ್ದು ಲೆಕ್ಕದಿಂದ: ಪ್ರತಿಕಾಯವಿರುವ ರೋಗಿಗಳೇ ಕಡಿಮೆ, ಶೋಧನೆಗೆ ಸಿಗದ ಪ್ರತಿಕಾಯಗಳು ಎದುರಿಸುವ ಪ್ರತಿಜನಕಗಳು ದಾನಿಗಳಲ್ಲೂ ವಿರಳ. ಅಂದರೆ ಇದು ಇಡೀ ರೋಗಿಸಮೂಹಕ್ಕೆ ಸಲ್ಲುವ ಮಾತು. ಎದುರಿಗೆ ಮಲಗಿರುವ ಒಬ್ಬಳಿಗೆ ಕೊಟ್ಟ ಭರವಸೆಯಲ್ಲ.

ಆ ಒಬ್ಬಳನ್ನು ಕಲ್ಪಿಸಿಕೊಳ್ಳೋಣ. ಮೂರು ಹೆತ್ತವಳು, ಗರ್ಭಕೋಶ ತೆಗೆಸಲು ದಿನ ಗೊತ್ತಾಗಿದೆ. ಹಿಂದೊಂದು ಹೆರಿಗೆಯಲ್ಲಿ ಆಕೆಗೆ ಕಿಡ್ ಗುಂಪಿನ ಜೆಕೆ-ಎ ಪ್ರತಿಜನಕದ ವಿರುದ್ಧ ಪ್ರತಿಕಾಯ ಹುಟ್ಟಿತ್ತು. ಈ ಪ್ರತಿಕಾಯದ ಸ್ವಭಾವವೇ ಮರೆಯಾಗುವುದು. ಕೆಲವು ತಿಂಗಳಲ್ಲಿ ಪರೀಕ್ಷೆಗೆ ಸಿಗದಷ್ಟು ಇಳಿಯಬಹುದು. ಈಗ ಶೋಧನೆ ‘ನೆಗೆಟಿವ್’. ಸುಮಾರು ನಾಲ್ವರು ದಾನಿಗಳಲ್ಲಿ ಮೂವರ ರಕ್ತದಲ್ಲಿ ಜೆಕೆ-ಎ ಇದೆಯೆಂದು ಹಿಡಿದರೆ, ಕೊಟ್ಟ ಎರಡು ಚೀಲಗಳೂ ಆಕೆಗೆ ಹೊಂದುವ ಸಾಧ್ಯತೆ ಹದಿನಾರರಲ್ಲಿ ಒಂದು. ರಕ್ತ ಸೇರಿದೊಡನೆ ದೇಹಕ್ಕೆ ಹಳೆಯ ನೆನಪು ಮರುಕಳಿಸುತ್ತದೆ. ವಾರದ ಹೊತ್ತಿಗೆ ಹಿಮೋಗ್ಲೋಬಿನ್ ಇಳಿಯುತ್ತದೆ, ಕಣ್ಣು ಹಳದಿಯಾಗುತ್ತದೆ, ನೇರ ಕೂಂಬ್ಸ್ ಪರೀಕ್ಷೆ ಪಾಸಿಟಿವ್ ಬರುತ್ತದೆ. ಅಷ್ಟರಲ್ಲಿ ಆಕೆ ಮನೆ ಸೇರಿರುತ್ತಾಳೆ. ಕಾಮಾಲೆಯೆಂದು ಬೇರೆ ಔಷಧಿ ಶುರುವಾಗಿರುತ್ತದೆ.

ಪೂರ್ಣ ಕ್ರಾಸ್‌ಮ್ಯಾಚ್ ಮಾಡಿದ್ದರೆ ಇದು ತಪ್ಪುತ್ತಿತ್ತು ಎನ್ನುವ ಎದುರು ಪಕ್ಷದವರೊಂದಿಗೂ ನನಗೆ ಸಹಮತವಿಲ್ಲ. ಶೋಧನೆಗೆ ಸಿಗದಷ್ಟು ಕ್ಷೀಣಿಸಿದ ಪ್ರತಿಕಾಯ ಸಾಮಾನ್ಯವಾಗಿ ಕ್ರಾಸ್‌ಮ್ಯಾಚ್‌ನಲ್ಲೂ ಸಿಗದು. ಎರಡೂ ನೋಡುವುದು ಅದೇ ಸೀರಮ್ಮನ್ನು. ವಿರಳ ಪ್ರತಿಜನಕಗಳ ವಿಷಯದಲ್ಲಿ ಕ್ರಾಸ್‌ಮ್ಯಾಚ್‌ಗೆ ಮೇಲುಗೈ ಇದೆಯೆಂದು ಒಪ್ಪುತ್ತೇನೆ, ಅಷ್ಟೇ. ಸೀರಮ್ ಮರೆತದ್ದನ್ನು ಹೇಳಬಲ್ಲದ್ದು ಹಳೆಯ ದಾಖಲೆ, ಆ ದಾಖಲೆಯನ್ನು ಹುಡುಕಿಸುವುದು ಆ ಅಂಕಣ.

ಈ ದೃಷ್ಟಿಗೆ ನಾನು ಲೆವಿನ್ ಮತ್ತು ಸ್ಟೆಟ್ಸನ್ ಅವರಿಗೆ ಋಣಿ. ಅವರು 1939ರಲ್ಲಿ ವರದಿ ಮಾಡಿದ ಬಾಣಂತಿಗೆ ಗಂಡನ ‘ಓ’ ಗುಂಪಿನ ರಕ್ತವೇ ಒಗ್ಗಲಿಲ್ಲ. ಆಕೆಯ ಸೀರಮ್ ‘ಓ’ ಗುಂಪಿನ 104 ಜನರ ಪೈಕಿ 80 ಜನರ ಕಣಗಳನ್ನು ಗಂಟುಕಟ್ಟಿಸಿತು. ಕಾರಣವನ್ನು ಅವರು ಹುಡುಕಿದ್ದು ಆಕೆಯ ಬಸಿರಿನಲ್ಲಿ. ಗರ್ಭಧಾರಣೆಯ ಪ್ರಶ್ನೆಗೆ ಅಡಿಪಾಯ ಇಲ್ಲಿದೆ.

ತುರ್ತಿನ ವರ್ಗವನ್ನೂ ಇದರೊಡನೆ ಓದಬೇಕು. ‘ಪೂರ್ವಯೋಜಿತ’ ಎಂದು ಗುರುತು ಹಾಕಿದ ನಮೂನೆ ರಕ್ತನಿಧಿಗೆ ದಿನಗಳನ್ನು ಕೊಡುತ್ತದೆ. ಹಳೆಯ ಪ್ರತಿಕಾಯ ಬರೆದಿದ್ದರೆ, ಜೆಕೆ-ಎ ಇಲ್ಲದ ಎರಡು ಚೀಲಕ್ಕಾಗಿ ಸರಾಸರಿ ಎಂಟು ಚೀಲ ಪರೀಕ್ಷಿಸಿದರೆ ಸಾಕು. ‘ಅತಿ ತುರ್ತು’ ಎಂದು ಬಂದ ನಮೂನೆಗೆ ಆ ಎಂಟನ್ನು ನೋಡುವ ಸಮಯವಿರುವುದಿಲ್ಲ.